ಮಾತಿಲ್ಲದ 48 ಸೆಕೆಂಡು: ಕಾಫಿ ಪುಡಿ ಅಂಗಡಿಯ ಟಿವಿಗೆ ಬರೆದ ಒಂದು ಸ್ಕ್ರಿಪ್ಟ್

ಮೈಸೂರಿನ ಮಾರುಕಟ್ಟೆ ಹತ್ತಿರ ಒಂದು ಕಾಫಿ ಪುಡಿ ಅಂಗಡಿ. ಹಳೆಯದು. ಅಪ್ಪ, ಮಗ ಇಬ್ಬರೂ ಗಲ್ಲಾದಲ್ಲಿ ಕೂರುತ್ತಾರೆ. ಒಳಗೇ ಬೀಜ ಹುರಿದು, ಗಿರಾಕಿ ಎದುರಿಗೇ ಪುಡಿ ಮಾಡಿ ಕೊಡುತ್ತಾರೆ. ಗಾಜಿನ ಹಿಂದೆ, ರಸ್ತೆಯಿಂದ ನೋಡಿದರೆ ಬಾಗಿಲಿನ ಎಡಕ್ಕೆ, 43 ಇಂಚಿನ ಒಂದು ಟಿವಿ ಹಾಕಿಸಿದ್ದರು. ಅದರಲ್ಲಿ ದಿನವಿಡೀ ಸುತ್ತುತ್ತಾ ಇರುವ ವಿಡಿಯೊಗೆ ಸ್ಕ್ರಿಪ್ಟ್ ಬರೆದು ಶೂಟ್ ಮಾಡಿ ಕೊಡುವ ಕೆಲಸ ನನ್ನದು. ಅವರ ಷರತ್ತು ಎರಡೇ: ಮಾತು ಬೇಡ, ಅಕ್ಷರವೂ ಬೇಡ. ಆ ರಸ್ತೆಯಲ್ಲಿ ಬಸ್ಸು, ಆಟೊ ಗಲಾಟೆಯಲ್ಲಿ ಸ್ಪೀಕರ್ ಹಾಕಿದರೂ ಏನೂ ಕೇಳಿಸುವುದಿಲ್ಲ. ಅಲ್ಲಿ ಓಡಾಡುವವರಲ್ಲಿ ಅರ್ಧ ಜನ ಬೇರೆ ಊರಿನವರು, ಬೇರೆ ಭಾಷೆಯವರು. ಅಂಗಡಿ ಹೆಸರು ಮೇಲಿನ ಬೋರ್ಡಿನಲ್ಲಿ ದೊಡ್ಡದಾಗಿ ಕನ್ನಡದಲ್ಲಿ ಇದ್ದೇ ಇದೆ. ಟಿವಿ ಮತ್ತೆ ಅದನ್ನೇ ಹೇಳುವ ಅಗತ್ಯ ಇರಲಿಲ್ಲ.

ಈ ಕೆಲಸ ಮುಗಿಯುವ ಹೊತ್ತಿಗೆ ನನಗೆ ಒಂದು ವಿಷಯ ತುಂಬಾ ಸ್ಪಷ್ಟವಾಯಿತು. ಸುತ್ತುವ ವಿಡಿಯೊಗೆ ಮೊದಲು, ಕೊನೆ ಅಂತ ಇರುವುದಿಲ್ಲ, ಯಾಕೆಂದರೆ ನೋಡುವವರು ಎಲ್ಲಿ ಬೇಕಾದರೂ ಒಳಗೆ ಬರುತ್ತಾರೆ. ಹಾಗಾಗಿ ಒಂದು ತುಣುಕು ಸರಿಯಾಗಿ ಅರ್ಥವಾಗಲು ಇನ್ನೊಂದು ತುಣುಕು ಬೇಕು ಅಂತಾದರೆ ಅದನ್ನು ಇಟ್ಟುಕೊಳ್ಳಲೇಬಾರದು. ಹೇಳುವಾಗ ಇದು ಸುಲಭ. ಆದರೆ ಇದೇ ಕಾರಣಕ್ಕೆ ನಾವು ತುಂಬಾ ಚೆನ್ನಾಗಿದ್ದ ಕೆಲವು ದೃಶ್ಯಗಳನ್ನು ಬಿಡಬೇಕಾಯಿತು. ಆ ಕಥೆಯನ್ನು ಪೂರ್ತಿ ಹೇಳುತ್ತೇನೆ.

ಯಾರು ನೋಡುತ್ತಾರೆ, ಎಷ್ಟು ಹೊತ್ತು

ಬರೆಯುವುದಕ್ಕೆ ಮುಂಚೆ ಅಂಗಡಿ ಎದುರು ನಿಂತು ಸುಮ್ನೆ ಜನರನ್ನು ನೋಡಿದೆ. ಮೂರು ತರಹದವರು ಕಂಡರು.

ಮೊದಲನೆಯವರು ರಸ್ತೆಯಲ್ಲಿ ನಡೆದು ಹೋಗುವವರು. ಮಾಮೂಲಿ ನಡಿಗೆ ಸೆಕೆಂಡಿಗೆ ಸುಮಾರು 1.3 ಮೀಟರ್. ಟಿವಿ 8 ಮೀಟರ್ ದೂರದಿಂದಲೇ ಕಣ್ಣಿಗೆ ಬಿತ್ತು ಅಂದುಕೊಂಡರೂ ಅವರ ಹತ್ತಿರ ಇರುವುದು 6 ಸೆಕೆಂಡು, ಅಷ್ಟೇ. ಅದರಲ್ಲೂ ಅರ್ಧ ಹೊತ್ತು ಕಾಲ ಕೆಳಗಿನ ಫುಟ್‌ಪಾತ್ ಕಲ್ಲು ನೋಡಬೇಕು, ಎದುರಿಗೆ ಬರುವ ಸ್ಕೂಟರ್ ನೋಡಬೇಕು. ಎರಡನೆಯವರು ಒಳಗೆ ಬಂದು ಪುಡಿಗಾಗಿ ಕಾಯುತ್ತಾ ನಿಂತವರು. ಬೀಜ ತೂಗಿ, ಪುಡಿ ಮಾಡಿ, ಕವರಿಗೆ ತುಂಬಿ ಕೊಡುವುದಕ್ಕೆ ಕೆಲವು ನಿಮಿಷ ಬೇಕು. ಸಾಲು ಇದ್ದರೆ ಇನ್ನೂ ಜಾಸ್ತಿ. ಅವರಿಗೆ ಕಾಣಲೆಂದು ಅದೇ ವಿಡಿಯೊವನ್ನು ಒಳಗಿನ ಒಂದು ಚಿಕ್ಕ ಪರದೆಯಲ್ಲೂ ಹಾಕುವುದೆಂದು ಮಾತಾಗಿತ್ತು. ಇವರು ಇಡೀ ವಿಡಿಯೊವನ್ನು ಎರಡು ಮೂರು ಸಲ ನೋಡುತ್ತಾರೆ. ಮೂರನೆಯವರು ಅಲ್ಲೇ ಕೆಲಸ ಮಾಡುವವರು. ಅಂಗಡಿ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ತೆರೆದಿರುತ್ತದೆ. 48 ಸೆಕೆಂಡಿನ ವಿಡಿಯೊ ಗಂಟೆಗೆ 75 ಸಲ ಸುತ್ತುತ್ತದೆ, ದಿನಕ್ಕೆ 900 ಸಲ. ಇದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹುರಿಯುವ ಯಂತ್ರದ ಪಕ್ಕ ನಿಂತ ಮನುಷ್ಯ ದಿನಕ್ಕೆ 900 ಸಲ ಒಂದೇ ನಗುಮುಖ ನೋಡಬೇಕು ಅಂದರೆ ಹೇಗಾಗುತ್ತದೆ ಯೋಚಿಸಿ. ಅದಕ್ಕೇ ವಿಡಿಯೊದಲ್ಲಿ ಮುಖಗಳೇ ಬೇಡ, ಬರೀ ಕೈಗಳು ಸಾಕು ಅಂತ ತೀರ್ಮಾನ ಮಾಡಿದೆ. ಕೈಗಳೂ ಅದೇ ಅಂಗಡಿಯವರದು, ಬೀಜ ಹುರಿಯುವವರದು ಮತ್ತು ಪೊಟ್ಟಣ ಕಟ್ಟುವವರದು. ನಟನೆಗೆ ಬಂದವರ ಕೈ ಚಮಚ ಹಿಡಿಯುವ ರೀತಿಯಲ್ಲೇ ಗೊತ್ತಾಗಿಬಿಡುತ್ತದೆ.

ಮೊದಲ ಪಟ್ಟಿಯಲ್ಲಿ ಇದ್ದದ್ದು, ಬಿಟ್ಟದ್ದು

ಹಿರಿಯರು ಒಂದು ಪಟ್ಟಿ ಬರೆದಿಟ್ಟಿದ್ದರು. ಶುರುವಿಗೆ ಚಿಕ್ಕಮಗಳೂರಿನ ತೋಟ, ಮಳೆ ಬಿದ್ದ ಮೇಲೆ ಅರಳಿದ ಕಾಫಿ ಹೂವು, ಕೆಂಪು ಹಣ್ಣು, ಕೊಯ್ಲು, ಕಣದಲ್ಲಿ ಒಣಗಿಸುವುದು, ಆಮೇಲೆ ಅಂಗಡಿ, ಕೊನೆಗೆ ಕಾಫಿ. ಕಥೆಯಾಗಿ ಓದಲು ತುಂಬಾ ಚೆನ್ನಾಗಿದೆ. ಕಾಫಿ ಹೂವು ಅಂದರೆ ಇಡೀ ಗಿಡವೇ ಬೆಳ್ಳಗೆ ಕಾಣುವ ನೋಟ, ಯಾರಿಗೆ ಇಷ್ಟ ಆಗಲ್ಲ?

ಆದರೆ ಆ ಹೂವಿನ 5 ಸೆಕೆಂಡು ಮಾತ್ರ ನೋಡಿ ಮುಂದೆ ಹೋದವರ ಜಾಗದಲ್ಲಿ ನಿಂತು ಯೋಚಿಸಿ. ಮಲೆನಾಡಿನವರಿಗೆ ಗೊತ್ತಾಗುತ್ತದೆ, ಮಿಕ್ಕವರಿಗೆ ಅದು ಮಲ್ಲಿಗೆ. ಕೆಂಪು ಹಣ್ಣಿನದೂ ಅದೇ ಪಾಡು. ತೋಟ ನೋಡದೆ ಇರುವವರಿಗೆ ಕಾಫಿ ಅಂದರೆ ಕಂದು ಬೀಜ ಅಥವಾ ಲೋಟದಲ್ಲಿರುವ ನೊರೆ. ಕೆಂಪು ಹಣ್ಣು ನೋಡಿ ಕಾಫಿ ನೆನಪಾಗಬೇಕಾದರೆ ಮುಂದಿನ ದೃಶ್ಯ ಬೇಕು, ಅದು ಬರುವಷ್ಟರಲ್ಲಿ ಅವರು ಪಕ್ಕದ ಅಂಗಡಿ ದಾಟಿರುತ್ತಾರೆ. ಹಿರಿಯರಿಗೆ ಇದನ್ನು ಹೇಳಿದಾಗ ಬೇಜಾರಾಯಿತು. ತೋಟದ ಜೊತೆ ಅವರಿಗೆ ಹಳೆಯ ಒಡನಾಟ ಇದೆ. "ಹಾಗಾದರೆ ಹೂವು ಬೇಡ ಅಂತೀರಾ?" ಅಂತ ಎರಡು ಸಲ ಕೇಳಿದರು. ಗೋಡೆಗೆ ದೊಡ್ಡ ಫೋಟೊ ಹಾಕೋಣ ಸರ್, ಅದರ ಕೆಳಗೆ ಬರೆಯಬಹುದು ಅಂದೆ. ಒಪ್ಪಿದರು.

ಇನ್ನೂ ಕಷ್ಟವಾಗಿದ್ದು ನೀರಿನ ಗ್ಲಾಸು. ಇದು ಮಗನ ಆಸೆ. ಕಾಫಿ ಪುಡಿಯಲ್ಲಿ ಚಿಕೋರಿ ಇದೆಯಾ ಅಂತ ಮನೆಯಲ್ಲೇ ನೋಡುವ ವಿಧಾನವನ್ನು ಆಹಾರ ಸುರಕ್ಷತೆಯ ಇಲಾಖೆಯವರೇ ಹೇಳಿಕೊಡುತ್ತಾರೆ. ಗಾಜಿನ ಲೋಟದಲ್ಲಿ ನೀರು ತೆಗೆದುಕೊಂಡು ಮೇಲೆ ಪುಡಿ ಉದುರಿಸಬೇಕು. ಕಾಫಿ ಪುಡಿ ತೇಲುತ್ತದೆ. ಚಿಕೋರಿ ಮುಳುಗಲು ಶುರು ಮಾಡುತ್ತದೆ, ಮುಳುಗುತ್ತಾ ಹಿಂದೆ ಕಂದು ಬಣ್ಣದ ಎಳೆ ಬಿಡುತ್ತದೆ. ಹುರಿದ ಚಿಕೋರಿಯಲ್ಲಿ ಸುಟ್ಟ ಸಕ್ಕರೆಯ ಅಂಶ ತುಂಬಾ ಇರುವುದರಿಂದ ಹಾಗೆ. ಪರದೆಯ ಮೇಲೆ ಇದು ಎಷ್ಟು ಚೆನ್ನಾಗಿ ಕಾಣುತ್ತದೆ ಅಂದರೆ, ತಿಳಿ ನೀರು, ಹಿಂದೆ ಬಿಳಿ ಬೆಳಕು, ನಿಧಾನಕ್ಕೆ ಇಳಿಯುವ ಕಂದು ಎಳೆಗಳು, ಯಾರಾದರೂ ನಿಂತು ನೋಡುತ್ತಾರೆ. ಫೋನಿನಲ್ಲಿ ಸುಮ್ನೆ ಒಂದು ಸಲ ತೆಗೆದು ನೋಡಿದೆವು. ಮಗ "ಇದೇ ಸರ್, ಇದೇ ಹಾಕೋಣ, ನಮ್ಮ ಪುಡಿ ಶುದ್ಧ ಅಂತ ಗೊತ್ತಾಗುತ್ತೆ" ಅಂದರು.

ಅಲ್ಲೇ ಇದ್ದದ್ದು ತೊಂದರೆ. ಅಂಗಡಿಯಲ್ಲಿ ಜಾಸ್ತಿ ಹೋಗುವುದೇ ಚಿಕೋರಿ ಬೆರೆಸಿದ ಪುಡಿ. ಡಿಕಾಕ್ಷನ್ ಗಟ್ಟಿಯಾಗಿ, ಕಪ್ಪಗೆ ಬರಬೇಕು ಅಂತ ಜನ ಕೇಳಿ ಹಾಕಿಸಿಕೊಳ್ಳುತ್ತಾರೆ. ಅದು ಕಲಬೆರಕೆ ಅಲ್ಲ. ಕವರಿನ ಮೇಲೆ ಎಷ್ಟು ಅಂತ ಬರೆದಿದ್ದರೆ, ಕಾಫಿ 51%ಕ್ಕಿಂತ ಕಡಿಮೆ ಇಲ್ಲದಿದ್ದರೆ, ಕಾನೂನೂ ಅದನ್ನು ಒಪ್ಪುತ್ತದೆ. ಆದರೆ ಆ ಗ್ಲಾಸನ್ನು ಮಾತಿಲ್ಲದೆ ತೋರಿಸಿದರೆ ಅದು ಹೇಳುವುದು ಒಂದೇ ವಿಷಯ: ಏನೋ ಬೆರಕೆ ಸಿಕ್ಕಿಬಿದ್ದಿದೆ. "ಇದು ಚಿಕೋರಿ, ನಿಮಗೆ ಬೇಕಿದ್ದರೆ ಹಾಕುತ್ತೇವೆ" ಅನ್ನುವುದಕ್ಕೆ ಇನ್ನೊಂದು ದೃಶ್ಯ ಬೇಕು. ಚಿತ್ರಕ್ಕೆ "ಆದರೆ" ಅನ್ನಲು ಬರುವುದಿಲ್ಲ. ಗ್ಲಾಸನ್ನು ಮಾತ್ರ ನೋಡಿ ಹೋದವರು ಈ ಅಂಗಡಿಯಲ್ಲಿ ಬೆರಕೆ ಇದೆ ಅಂತಲೋ, ಚಿಕೋರಿ ಹಾಕಿದ ಪುಡಿ ಕೆಟ್ಟದ್ದು ಅಂತಲೋ ತಿಳಿದುಕೊಂಡು ಹೋಗುತ್ತಾರೆ. ಎರಡೂ ಅಂಗಡಿಗೆ ನಷ್ಟ, ಮೇಲಾಗಿ ಎರಡೂ ಸುಳ್ಳು. ಇಡೀ ಕೆಲಸದಲ್ಲಿ ಅತಿ ಚಂದದ ದೃಶ್ಯ ಅದೇ ಆಗುತ್ತಿತ್ತು. ಅದನ್ನು ಬಿಟ್ಟೆವು. ಈಗಲೂ ಅದು ಸರಿ ಅಂತಲೇ ನನ್ನ ಅಭಿಪ್ರಾಯ.

ಉಳಿದ ಸ್ಕ್ರಿಪ್ಟ್

ಕೊನೆಗೆ ನಿಂತದ್ದು ಇದು. ಸೆಕೆಂಡಿಗೆ 25 ಫ್ರೇಮ್, ಒಟ್ಟು 1200 ಫ್ರೇಮ್.

0–3: ಹುರಿದ ಬೀಜ ಯಂತ್ರದಿಂದ ತಟ್ಟೆಗೆ ಬೀಳುತ್ತಿದೆ (ಶಾಟ್‌ನ ಎರಡನೇ ಅರ್ಧ).
3–9: ಬಿಳಿ ತಟ್ಟೆಯಲ್ಲಿ ಸಾಲು ಬೀಜ, ಹಸಿರಿನಿಂದ ಕಡುಕಂದಿನವರೆಗೆ. ಒಂದು ಬೆರಳು ಸಾಲಿನ ಮೇಲೆ ನಿಧಾನವಾಗಿ ಸಾಗಿ ಒಂದರ ಹತ್ತಿರ ನಿಲ್ಲುತ್ತದೆ.
9–19: ಐದು ಗುಡ್ಡೆ. ಕಾಫಿ ಮತ್ತು ಚಿಕೋರಿ ಎಷ್ಟೆಷ್ಟು ಅಂತ ಮೂರು ಸಲ.
19–23: ಪುಡಿ ಕವರಿಗೆ ಬೀಳುತ್ತಿದೆ.
23–33: ಫಿಲ್ಟರ್. ಪುಡಿ, ಬಿಸಿ ನೀರು, ಹನಿ ಹನಿ ಡಿಕಾಕ್ಷನ್.
33–42: ಡಿಕಾಕ್ಷನ್, ಹಾಲು, ಲೋಟದಿಂದ ಬಟ್ಟಲಿಗೆ ಎತ್ತಿ ಸುರಿಯುವುದು.
42–45: ನೊರೆ ತುಂಬಿದ ಲೋಟ ಹಿಡಿದ ಕೈ ಎಡದಿಂದ ಬಲಕ್ಕೆ ಚಾಚುತ್ತದೆ.
45–48: ಬೀಜ ಬೀಳುತ್ತಿದೆ (ಅದೇ ಶಾಟ್‌ನ ಮೊದಲ ಅರ್ಧ).

ಕೈ ಬಲಕ್ಕೇ ಯಾಕೆ ಚಾಚಬೇಕು? ಬಾಗಿಲು ಇರುವುದು ಬಲಕ್ಕೆ. ಮಾತಿಲ್ಲದೆ "ಒಳಗೆ ಬನ್ನಿ" ಅನ್ನುವುದಕ್ಕೆ ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ. ಇದೇ ವಿಡಿಯೊವನ್ನು ಬಾಗಿಲಿನ ಬಲಕ್ಕಿರುವ ಟಿವಿಗೆ ಹಾಕಿದರೆ ಆ ತುಣುಕು ಗಿರಾಕಿಯನ್ನು ಪಕ್ಕದ ಅಂಗಡಿಗೆ ಕಳಿಸುತ್ತದೆ. ಹಾಗಾಗಿ ಟಿವಿ ಎಲ್ಲಿ ನಿಲ್ಲುತ್ತದೆ ಅಂತ ಗೊತ್ತಾಗದೆ ಸ್ಕ್ರಿಪ್ಟ್ ಬರೆಯಬಾರದು.

ಹುರಿಯುವ ತುಣುಕಿನ ಬಗ್ಗೆ ಒಂದು ಮಾತು. ಹುರಿಯುವವರು ಹದ ತಿಳಿಯುವುದು ಕಣ್ಣಿನಿಂದ ಮಾತ್ರವಲ್ಲ, ಕಿವಿಯಿಂದಲೂ. ಬೀಜದ ಶಾಖ 200 ಡಿಗ್ರಿ ಹತ್ತಿರ ಬಂದಾಗ ಚಟಪಟ ಸಿಡಿಯುವ ಸದ್ದು ಬರುತ್ತದಲ್ಲ, ಅದೇ ಅವರಿಗೆ ಗುರುತು. ಸದ್ದಿಲ್ಲದ ವಿಡಿಯೊದಲ್ಲಿ ಅದು ಸಿಗುವುದಿಲ್ಲ. ತಿರುಗುವ ಡ್ರಮ್ಮಿನ ಒಳಗೆ ಕ್ಯಾಮೆರಾ ಇಣುಕಿದರೂ ಬರೀ ಕಂದು ಬಣ್ಣ ಅಲ್ಲಾಡುವುದು ಕಾಣುತ್ತದೆ, ಅಷ್ಟೇ. ಅದಕ್ಕೆ ಹುರಿಯುತ್ತಾ ಇರುವಾಗಲೇ ಆಗಾಗ ಸ್ವಲ್ಪ ಸ್ವಲ್ಪ ಬೀಜ ತೆಗೆದಿಟ್ಟು, ಹಸಿರು, ಹಳದಿ, ತಿಳಿಕಂದು, ಕಡುಕಂದು ಅಂತ ಬಿಳಿ ತಟ್ಟೆಯಲ್ಲಿ ಸಾಲಾಗಿ ಜೋಡಿಸಿದೆವು. ಹದವನ್ನು ನೀವೇ ಆರಿಸಬಹುದು ಅಂತ ಬೆರಳು ಹೇಳುತ್ತದೆ. ಈ ತುಣುಕಿನ ಯಾವ 2 ಸೆಕೆಂಡು ನೋಡಿದರೂ ಇಡೀ ಸಾಲು ಕಾಣುತ್ತದೆ, ಅದೇ ಇದರ ಗುಣ.

ಐದು ಗುಡ್ಡೆ

ಅಂಗಡಿಗೆ ಮುಖ್ಯವಾಗಿ ಬೇಕಿದ್ದ ತುಣುಕು ಇದೇ. ಹೊಸಬರು ಬಂದು "ಕಾಫಿ ಪುಡಿ ಕೊಡಿ" ಅನ್ನುತ್ತಾರೆ, ಇವರು "ಚಿಕೋರಿ ಎಷ್ಟು?" ಅಂತ ಕೇಳುತ್ತಾರೆ, ಅವರು ಕಣ್ಣು ಕಣ್ಣು ಬಿಡುತ್ತಾರೆ. ಭಾಷೆ ಬೇರೆ ಆದರೆ ಇನ್ನೂ ಕಷ್ಟ. 80:20 ಅಂತ ಅಂಕಿ ಹಾಕಿಬಿಡೋಣ, ಅಂಕಿ ಅಕ್ಷರ ಅಲ್ವಲ್ಲ ಅಂತ ಮಗ ಹೇಳಿದರು. ಮಾತು ಸರಿ. ಆದರೆ ಏನು 80, ಏನು 20 ಅಂತ ಗೊತ್ತಿಲ್ಲದವರಿಗೆ ಆ ಅಂಕಿಯಿಂದ ಏನೂ ಸಿಗುವುದಿಲ್ಲ. ಗೊತ್ತಿರುವವರಿಗೆ ಈ ತುಣುಕೇ ಬೇಡ.

ಮೊದಲು ಬರೆದುಕೊಂಡದ್ದು ಐದು ಚಮಚ. ನಾಲ್ಕು ಚಮಚ ಕಾಫಿ ಪುಡಿ, ಒಂದು ಚಮಚ ಚಿಕೋರಿ ಪುಡಿ. ಕ್ಯಾಮೆರಾ ತರುವ ಮುಂಚೆ ಇದನ್ನು ಫೋನಿನಲ್ಲೇ ಕಚ್ಚಾ ಆಗಿ ತೆಗೆದು, ಅಂಗಡಿಗೆ ಬಂದವರಿಗೆ ಕೆಲವೇ ಸೆಕೆಂಡು ತೋರಿಸಿ "ಏನು ಕಾಣಿಸಿತು?" ಅಂತ ಕೇಳುತ್ತಾ ಹೋದೆ. ಈ ಕೆಲಸದಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಲಾಭ ಕೊಡುವ ಹಂತ ಇನ್ನೊಂದಿಲ್ಲ. ಕೇಳುವಾಗ ಒಂದು ಎಚ್ಚರ ಬೇಕು. "ಅರ್ಥ ಆಯ್ತಾ?" ಅಂತ ಕೇಳಿದರೆ ಎಲ್ಲರೂ ಆಯ್ತು ಅಂತಾರೆ. ಏನು ಕಾಣಿಸಿತು ಅಂತಲೇ ಕೇಳಬೇಕು, ಆಮೇಲೆ ಬಾಯಿ ಮುಚ್ಚಿಕೊಂಡಿರಬೇಕು.

ಎರಡು ವಿಷಯ ಹೊರಗೆ ಬಂತು. ಒಂದು, ಹಲವರಿಗೆ ಅದು ಫಿಲ್ಟರಿಗೆ ಹಾಕುವ ಅಳತೆಯಂತೆ ಕಂಡಿತು. "ಐದು ಚಮಚ ಹಾಕಬೇಕಾ? ಅಷ್ಟು ಸ್ಟ್ರಾಂಗಾ?" ಅಂತ ಒಬ್ಬ ಹೆಂಗಸು ಕೇಳಿದರು. ಚಮಚ ಅಂದರೆ ಅಡುಗೆಮನೆಯ ಅಳತೆ, ಅವರು ಓದಿದ್ದು ಸರಿಯಾಗೇ ಇದೆ. ಎರಡು, ಕಾಫಿ ಪುಡಿ ಮತ್ತು ಚಿಕೋರಿ ಪುಡಿ ಎರಡೂ ಕಂದು. ಹತ್ತಿರದಿಂದ ವ್ಯತ್ಯಾಸ ಕಾಣುತ್ತದೆ, ರಸ್ತೆಯಿಂದ ಐದೂ ಚಮಚ ಒಂದೇ.

ಹಾಗಾಗಿ ಚಮಚ ಹೋಯಿತು, ಗುಡ್ಡೆ ಬಂತು. ಬಿಳಿ ಬಟ್ಟೆಯ ಮೇಲೆ ಸಮ ಗಾತ್ರದ ಐದು ಗುಡ್ಡೆ. ಕಾಫಿ ಪುಡಿ ರೂಪದಲ್ಲಿ ಬೇಡ, ಹುರಿದ ಬೀಜವೇ ಇರಲಿ, ಬೀಜದ ಆಕಾರ ಎಲ್ಲರಿಗೂ ಗೊತ್ತು. ಚಿಕೋರಿಯದು ಹುರಿದ ಸಣ್ಣ ಚೂರುಗಳ ಗುಡ್ಡೆ, ಅದರ ಹಿಂದೆ ಹುರಿಯದ ಒಣಗಿದ ಬೇರಿನ ತುಂಡು. ಚಿಕೋರಿ ಒಂದು ಬೇರು ಅನ್ನುವುದೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ನಮ್ಮ ದೇಶದಲ್ಲಿ ಅದನ್ನು ಹೆಚ್ಚಾಗಿ ಬೆಳೆಯುವುದು ಗುಜರಾತ್ ಮತ್ತು ಉತ್ತರಪ್ರದೇಶದಲ್ಲಿ, ಇಲ್ಲಿನ ಅಂಗಡಿಗಳಿಗೆ ಅದು ಹುರಿದೇ ಬರುತ್ತದೆ. ಹುರಿಯದ ತುಂಡು ಬೇಕು ಅಂತ ಹಿರಿಯರು ತಮಗೆ ಸರಕು ಕೊಡುವವರಿಗೆ ಹೇಳಿ ತರಿಸಿದರು. ಬಿಳಿಚಾದ ಆ ತುಂಡು ಪಕ್ಕದಲ್ಲಿದ್ದರೆ ಸಾಕು, ಇದು ಬೇರೆ ಏನೋ, ಒಂದು ಬೇರು ಅಂತ ದೂರದಿಂದಲೇ ಗೊತ್ತಾಗುತ್ತದೆ.

10 ಸೆಕೆಂಡನ್ನು ಮೂರು ಪಾಲು ಮಾಡಿದೆ. ಮೊದಲು ಐದೂ ಗುಡ್ಡೆ ಕಾಫಿ, ಎರಡು ಕೈಗಳು ಎಲ್ಲವನ್ನೂ ಒಟ್ಟುಗೂಡಿಸುತ್ತವೆ. ಆಮೇಲೆ ನಾಲ್ಕು ಕಾಫಿ, ಒಂದು ಚಿಕೋರಿ, ಮತ್ತೆ ಒಟ್ಟುಗೂಡಿಸುತ್ತವೆ. ಕೊನೆಗೆ ಮೂರು ಮತ್ತು ಎರಡು. ಅರ್ಧಕ್ಕರ್ಧ ತೋರಿಸಲಿಲ್ಲ, ಅದು 51%ರ ಮಿತಿಯ ಕೆಳಗೆ ಬೀಳುತ್ತದೆ. ಮೂರರಲ್ಲೂ ಬಟ್ಟೆ ಅದೇ, ಕೈ ಅದೇ, ಬೆಳಕು ಅದೇ, ಕ್ಯಾಮೆರಾ ಒಂದೇ ಕಡೆ. ಯಾವುದೋ ಒಂದು ಬೆರಕೆ ಮೇಲು, ಇನ್ನೊಂದು ಕೀಳು ಅನ್ನುವ ಸೂಚನೆ ಎಲ್ಲೂ ಬರಬಾರದು. ಒಂದಕ್ಕೆ ಬೆಳಕು ಸ್ವಲ್ಪ ಜಾಸ್ತಿಯಾದರೂ ಅದು ಅಂಗಡಿಯವರ ಅಭಿಪ್ರಾಯ ಆಗಿಬಿಡುತ್ತದೆ. ಗುಡ್ಡೆಗಳು ಸೇರಿ ಒಂದಾಗುವುದರಿಂದ ಫಿಲ್ಟರಿನ ಅಳತೆ ಅನ್ನುವ ಗೊಂದಲವೂ ಹೋಯಿತು. ಕಚ್ಚಾ ವಿಡಿಯೊ ಮತ್ತೆ ತೋರಿಸಿದಾಗ ಜನ "ಮಿಕ್ಸ್ ಮಾಡ್ತಾ ಇದ್ದಾರೆ" ಅಂದರು. ಅಷ್ಟು ಸಾಕಿತ್ತು.

ಕಾಣದ ಹನಿ

ಫಿಲ್ಟರಿನ ತುಣುಕಿನಲ್ಲಿ ಒಂದು ಸಹಜ ತೊಡಕು ಇದೆ. ಸ್ಟೀಲ್ ಫಿಲ್ಟರಿನ ಒಳಗೆ ಏನು ನಡೆಯುತ್ತದೆ ಅಂತ ಹೊರಗಿನಿಂದ ಕಾಣುವುದೇ ಇಲ್ಲ. ಮೇಲಿನ ಪಾತ್ರೆಗೆ ಪುಡಿ ಹಾಕಿ, ಹಿಡಿ ಇರುವ ತೂತಿನ ತಟ್ಟೆ ಒತ್ತಿ, ನೀರು ಸುರಿದು, ಮುಚ್ಚಳ ಮುಚ್ಚಿದರೆ ಮುಗಿಯಿತು, ಮುಂದಿನ ಕಾಲು ಗಂಟೆ ನೋಡಲು ಇರುವುದು ಒಂದು ಸ್ಟೀಲ್ ಡಬ್ಬಿ. ಆ ಕಾಲು ಗಂಟೆಯನ್ನು ಬೇಗ ಓಡಿಸಿ ತೋರಿಸಿದರೂ ಡಬ್ಬಿ ಡಬ್ಬಿಯೇ.

ಕೆಳಗಿನ ಪಾತ್ರೆಯ ಬದಲು ಅದೇ ಅಗಲದ ಗಾಜಿನ ಲೋಟ ಇಟ್ಟೆವು. ಮೇಲಿನ ಪಾತ್ರೆಯ ಅಂಚು ಅದರ ಮೇಲೆ ಗಟ್ಟಿಯಾಗಿ ಕೂರಬೇಕು, ಸರಿಯಾದ ಲೋಟ ಹುಡುಕಲು ಪಾತ್ರೆ ಅಂಗಡಿಗೆ ಫಿಲ್ಟರನ್ನೇ ಹಿಡಿದುಕೊಂಡು ಹೋಗಬೇಕಾಯಿತು. ಹಿಂದಿನಿಂದ ಬೆಳಕು ಬಿಟ್ಟರೆ ಪ್ರತಿ ಹನಿಯೂ ಜೇನಿನ ಬಣ್ಣದಲ್ಲಿ ಹೊಳೆಯುತ್ತದೆ. ಗಾಜಿನ ಲೋಟದ ಮೇಲೆ ಫಿಲ್ಟರ್ ಇಟ್ಟು ಯಾರೂ ಮನೆಯಲ್ಲಿ ಕಾಫಿ ಮಾಡಲ್ಲ ಅಂತ ಹಿರಿಯರು ಸ್ವಲ್ಪ ಹಿಂಜರಿದರು. ಆದರೆ ಇಲ್ಲಿ ಸುಳ್ಳೇನೂ ಇಲ್ಲ, ಗೋಡೆ ತೆಗೆದು ಒಳಗಿನದನ್ನೇ ತೋರಿಸುತ್ತಿದ್ದೇವೆ. ತುಣುಕಿನ ಮೊದಲ 3 ಸೆಕೆಂಡು ಪುಡಿ ಮತ್ತು ನೀರು, ಮಿಕ್ಕ 7 ಸೆಕೆಂಡು ಪೂರ್ತಿ ಹನಿ. ಜನ ನಿಲ್ಲುವುದು ಹನಿಗೆ.

ಸುರಿಯುವ ತುಣುಕನ್ನು ಸೆಕೆಂಡಿಗೆ 50 ಫ್ರೇಮ್‌ನಲ್ಲಿ ತೆಗೆದು, 25ರಲ್ಲಿ ಓಡಿಸಿದೆ, ಅಂದರೆ ಅರ್ಧ ವೇಗ. ಇದಕ್ಕಿಂತ ನಿಧಾನ ಮಾಡಿದರೆ ಕಾಫಿ ಎಣ್ಣೆಯಂತೆ ಮಂದವಾಗಿ ಕಾಣುತ್ತದೆ, ಬಿಸಿ ಅನ್ನುವ ಭಾವನೆ ಹೋಗುತ್ತದೆ. ಅಂಗಡಿಯ ಒಳಗೆ ಶೂಟ್ ಮಾಡುವವರಿಗೆ ಇನ್ನೊಂದು ಮಾತು: ನಮ್ಮ ಕರೆಂಟು 50 ಹರ್ಟ್ಸ್, ಅದರ ಮೇಲೆ ಉರಿಯುವ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಷಟರ್ 1/50 ಅಥವಾ 1/100ರಲ್ಲಿ ಇಟ್ಟರೆ ಚಿತ್ರದಲ್ಲಿ ಪಟ್ಟೆ ಬರುವುದಿಲ್ಲ. 1/60ರಲ್ಲಿ ಇಟ್ಟರೆ ಬಿಳಿ ಹಿನ್ನೆಲೆಯ ಮೇಲೆ ನಿಧಾನಕ್ಕೆ ಜಾರುವ ನೆರಳಿನ ಪಟ್ಟೆಗಳು ಕಾಣಬಹುದು. ಚಿಕ್ಕ ಕ್ಯಾಮೆರಾ ಪರದೆಯಲ್ಲಿ ಅವು ಕಣ್ಣಿಗೆ ಬೀಳಲ್ಲ, 43 ಇಂಚಿನ ಟಿವಿಯಲ್ಲಿ ಎದ್ದು ಕಾಣುತ್ತವೆ.

ಕಪ್ಪು ಪರದೆ ಕನ್ನಡಿ ಆಗುತ್ತದೆ

ಕಾಫಿಯ ವಿಡಿಯೊ ಅಂದಕೂಡಲೇ ಎಲ್ಲರಿಗೂ ಬರುವ ಯೋಚನೆ ಕಪ್ಪು ಹಿನ್ನೆಲೆ, ಮಂದ ಬೆಳಕು, ಹೊಗೆಯಾಡುವ ಲೋಟ. ಮನೆಯ ಟಿವಿಯಲ್ಲಿ ಚೆನ್ನಾಗಿರುತ್ತದೆ. ಈ ಅಂಗಡಿಯ ಮುಖ ಪಶ್ಚಿಮಕ್ಕೆ. ಮಧ್ಯಾಹ್ನ ಮೂರರ ಮೇಲೆ ಬಿಸಿಲು ನೇರವಾಗಿ ಗಾಜಿನ ಮೇಲೆ ಬೀಳುತ್ತದೆ. ಆಗ ಪರದೆಯ ಕಪ್ಪು ಭಾಗದಲ್ಲಿ ಕಾಣುವುದು ಎದುರಿನ ಅಂಗಡಿ, ನಿಂತ ಆಟೊ, ನೋಡುತ್ತಿರುವವರ ಮುಖ. ಮನೆಗೆಂದು ಮಾಡಿದ ಟಿವಿಯ ಬೆಳಕು ಬಿಸಿಲಿಗೆ ಸಾಟಿ ಆಗುವುದೇ ಇಲ್ಲ. ಅದಕ್ಕೆಂದೇ ಮಾಡಿದ ಹೆಚ್ಚು ಬೆಳಕಿನ ಪರದೆಗಳು ಇವೆ, ಆದರೆ ಅವುಗಳ ಬೆಲೆ ಕೇಳಿ ಹಿರಿಯರು ಮಾತು ಬದಲಿಸಿದರು.

ಹಾಗಾಗಿ ಈ ಸಮಸ್ಯೆಯನ್ನು ಸ್ಕ್ರಿಪ್ಟಿನಲ್ಲೇ ಬಗೆಹರಿಸಬೇಕಿತ್ತು. ಪ್ರತಿ ತುಣುಕಿನಲ್ಲೂ ಚೌಕಟ್ಟಿನ ಅರ್ಧಕ್ಕಿಂತ ಹೆಚ್ಚು ಭಾಗ ತಿಳಿಬಣ್ಣ ಇರಲೇಬೇಕು ಅಂತ ಬರೆದುಕೊಂಡೆ. ಬಿಳಿ ತಟ್ಟೆ, ಬಿಳಿ ಬಟ್ಟೆ, ಹೊಳೆಯುವ ಸ್ಟೀಲ್, ಹಾಲು, ನೊರೆ. ಕಾಫಿ ಮಾತ್ರ ಗಾಢ ಬಣ್ಣ, ಅದೂ ತಿಳಿ ಹಿನ್ನೆಲೆಯ ಮೇಲೆ. ಬೀಜ ಬೀಳುವ ಶಾಟ್ ಒಂದೇ ಇದಕ್ಕೆ ಬಗ್ಗಲಿಲ್ಲ, ತಣ್ಣಗೆ ಮಾಡುವ ತಟ್ಟೆ ತುಂಬಾ ಕಂದು ಬೀಜವೇ ಇರುತ್ತದಲ್ಲ. ಕ್ಯಾಮೆರಾವನ್ನು ಕೆಳಕ್ಕಿಳಿಸಿ, ಹಿಂದೆ ಸುಣ್ಣ ಬಳಿದ ಗೋಡೆ ಬರುವಂತೆ ಮಾಡಿ, ಬೀಳುವ ಧಾರೆಯನ್ನು ಮಾತ್ರ ತೆಗೆದೆ. ಶೂಟ್ ಆದ ಮೇಲೆ ಆ ಟಿವಿಯಲ್ಲೇ, ಅದೇ ಗಾಜಿನ ಹಿಂದೆ, ನಾಲ್ಕು ಗಂಟೆಯ ಬಿಸಿಲಲ್ಲಿ ಓಡಿಸಿ, ರಸ್ತೆಯ ಆಚೆ ಬದಿಯಿಂದ ಫೋಟೊ ತೆಗೆದು ನೋಡಿದೆವು. ಎಡಿಟಿಂಗ್ ಕೋಣೆಯ ಕತ್ತಲಲ್ಲಿ ನೋಡಿ ಒಪ್ಪಿಗೆ ಕೊಟ್ಟರೆ ಏನೂ ಗೊತ್ತಾಗುವುದಿಲ್ಲ. ಟಿವಿಯಲ್ಲಿ ವಿದ್ಯುತ್ ಉಳಿಸುವ ಸೆಟ್ಟಿಂಗ್ ಆನ್ ಇದ್ದರೆ ಆಫ್ ಮಾಡಿಸಿ, ಅದು ಬೆಳಕನ್ನು ತಾನೇ ತಗ್ಗಿಸುತ್ತದೆ. ಹಲವು ಟಿವಿಗಳು ರಿಮೋಟ್ ಮುಟ್ಟದೆ ಕೆಲವು ಗಂಟೆ ಕಳೆದರೆ ತಾವೇ ಆರಿಹೋಗುತ್ತವೆ, ಆ ಸೆಟ್ಟಿಂಗನ್ನೂ ಹುಡುಕಿ ತೆಗೆಯಬೇಕು.

ಸುತ್ತು ಕೂಡುವ ಜಾಗ

ಸ್ಕ್ರಿಪ್ಟಿನಲ್ಲಿ ಬೀಜ ಬೀಳುವ ಶಾಟ್ ಎರಡು ತುಂಡಾಗಿ, ಮೊದಲಿಗೂ ಕೊನೆಗೂ ಇರುವುದನ್ನು ನೋಡಿದ್ದೀರಿ. ಇದು ಬೇಕೆಂದೇ ಮಾಡಿದ್ದು. 6 ಸೆಕೆಂಡಿನ ಒಂದು ಶಾಟ್ ತೆಗೆದು, ಸರಿಯಾಗಿ ಮಧ್ಯಕ್ಕೆ ಕತ್ತರಿಸಿ, ಮೊದಲ ಅರ್ಧವನ್ನು ಫೈಲಿನ ಕೊನೆಗೂ ಎರಡನೇ ಅರ್ಧವನ್ನು ಫೈಲಿನ ಶುರುವಿಗೂ ಇಡಬೇಕು. ಹೀಗೆ ಮಾಡಿದರೆ ಫೈಲಿನ ಕೊನೆಯ ಫ್ರೇಮ್ ಶಾಟ್‌ನ 75ನೇ ಫ್ರೇಮ್, ಮೊದಲ ಫ್ರೇಮ್ 76ನೇದು. ಓಡುವಾಗ ಎರಡರ ನಡುವೆ ಏನೂ ತಪ್ಪಿಹೋಗುವುದಿಲ್ಲ, ಧಾರೆ ಹಾಗೇ ಮುಂದುವರಿಯುತ್ತದೆ. ಫೈಲ್ ಎಲ್ಲಿ ಮುಗಿದು ಎಲ್ಲಿ ಶುರುವಾಯಿತು ಅಂತ ಕಾಯುತ್ತಾ ನಿಂತವರಿಗೂ ಗೊತ್ತಾಗುವುದಿಲ್ಲ. ಇದಕ್ಕೆ ಆರಿಸುವ ಶಾಟ್‌ನಲ್ಲಿ ಚಲನೆ ಒಂದೇ ಸಮ ಇರಬೇಕು, ಕ್ಯಾಮೆರಾ ಅಲ್ಲಾಡಬಾರದು.

ಕಾಗದದ ಮೇಲೆ ಇದು ಸರಿ. ಟಿವಿಗೆ ಪೆನ್‌ಡ್ರೈವ್ ಚುಚ್ಚಿ ಒಂದೇ ಫೈಲನ್ನು ರಿಪೀಟ್‌ಗೆ ಹಾಕಿದರೆ ಪ್ರತಿ ಸುತ್ತಿನ ಕೊನೆಗೆ ಪರದೆ ಕ್ಷಣ ಹೊತ್ತು ಕಪ್ಪಾಯಿತು, ಮೇಲೆ ಫೈಲಿನ ಹೆಸರೂ ಬಂತು. ಅಕ್ಷರವೇ ಬೇಡ ಅಂದ ವಿಡಿಯೊದಲ್ಲಿ ಗಂಟೆಗೆ 75 ಸಲ ಫೈಲಿನ ಹೆಸರು! ಟಿವಿ ಪ್ರತಿ ಸಲವೂ ಫೈಲನ್ನು ಮುಚ್ಚಿ ಮತ್ತೆ ತೆರೆಯುವುದರಿಂದ ಹೀಗಾಗುತ್ತದೆ. ಇದಕ್ಕೆ ಪರಿಹಾರ ಸುಲಭ. ffmpeg ಅನ್ನುವ ಉಚಿತ ವಿಡಿಯೊ ಸಾಫ್ಟ್‌ವೇರಿಗೆ ಕೆಳಗಿನ ಒಂದು ಸಾಲು ಕೊಟ್ಟು, ಅದೇ 48 ಸೆಕೆಂಡನ್ನು 75 ಸಲ ಜೋಡಿಸಿ ಒಂದು ಗಂಟೆಯ ಫೈಲ್ ಮಾಡಬೇಕು:

```
ffmpeg -stream_loop 74 -i loop.mp4 -c copy -an angadi.mp4
```

74 ಅಂದರೆ ಮೊದಲ ಸಲ ಓಡಿದ ಮೇಲೆ ಇನ್ನೂ 74 ಸಲ, ಒಟ್ಟು 75. `-c copy` ಇರುವುದರಿಂದ ಚಿತ್ರದ ಗುಣಮಟ್ಟ ಕೆಡುವುದಿಲ್ಲ, ಕೆಲಸವೂ ಬೇಗ ಮುಗಿಯುತ್ತದೆ. `-an` ಸದ್ದಿನ ಟ್ರ್ಯಾಕನ್ನು ತೆಗೆದುಹಾಕುತ್ತದೆ. ಈಗ ಆ ಕಪ್ಪು ಕ್ಷಣ ಬರುವುದು ಗಂಟೆಗೆ ಒಂದೇ ಸಲ. ಒಂದು ಲೆಕ್ಕ ಮಾತ್ರ ನೋಡಿಕೊಳ್ಳಬೇಕು. ಎಷ್ಟೋ ಪೆನ್‌ಡ್ರೈವ್‌ಗಳು FAT32 ರೀತಿಯಲ್ಲಿರುತ್ತವೆ, ಅದರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ. ವಿಡಿಯೊ ಸೆಕೆಂಡಿಗೆ 8 ಮೆಗಾಬಿಟ್‌ನಲ್ಲಿ ಇದ್ದರೆ ಒಂದು ಗಂಟೆಗೆ 3.6 ಜಿಬಿ ಆಗುತ್ತದೆ, ಹಿಡಿಸುತ್ತದೆ. 12ಕ್ಕೆ ಏರಿಸಿದರೆ ನಕಲೇ ಆಗುವುದಿಲ್ಲ.

ಹಾಕಿದ ಮೇಲೆ

ಒಳಗಿನ ಪರದೆ ನೋಡಿಕೊಂಡು ಕಾಯುವವರು ಈಗ ಬೆರಳು ತೋರಿಸಿ ಕೇಳುತ್ತಾರೆ. "ಆ ನಾಲ್ಕು, ಒಂದರದ್ದು" ಅಂತ ಒಬ್ಬರು, ಭಾಷೆ ಬಾರದವರು ನಾಲ್ಕು ಬೆರಳು ಎತ್ತಿ ಆಮೇಲೆ ಒಂದು ಬೆರಳು ಎತ್ತುತ್ತಾರೆ. ಗಲ್ಲಾದಲ್ಲಿ ಕೂತ ಮಗನೂ ಈಗ ಬೆರಳಿನಲ್ಲೇ ಕೇಳುವುದು ಕಲಿತಿದ್ದಾರೆ. ವ್ಯಾಪಾರ ಎಷ್ಟು ಹೆಚ್ಚಾಯಿತು ಅಂತ ನಾವು ಅಳೆದಿಲ್ಲ, ಹಾಗಾಗಿ ಅದರ ಬಗ್ಗೆ ಮಾತಾಡುವುದಿಲ್ಲ.

ಹುರಿಯುವ ಬಣ್ಣದ ಸಾಲು ಅಷ್ಟು ಚೆನ್ನಾಗಿ ತಲುಪಲಿಲ್ಲ. ಹದ ಆರಿಸಬಹುದು ಅನ್ನುವುದಕ್ಕಿಂತ, ಹಸಿರು ಬೀಜ ಕಂದಾಗುತ್ತದೆ ಅನ್ನುವುದೇ ಜನಕ್ಕೆ ಹಿಡಿಸಿತು. "ಕಾಫಿ ಬೀಜ ಹಸಿರಾ?" ಅಂತ ಮಕ್ಕಳು ಕೇಳುತ್ತಾರಂತೆ. ಅದೂ ಸುಳ್ಳಲ್ಲ, ಒಂಟಿಯಾಗಿ ನಿಲ್ಲುತ್ತದೆ, ಹಾಗಾಗಿ ತುಣುಕನ್ನು ಉಳಿಸಿಕೊಂಡೆವು. ಬೆರಳು ಕೊನೆಗೆ ಎರಡು ಬೀಜಗಳ ನಡುವೆ ಹಿಂದೆ ಮುಂದೆ ಆಡಿ ಆಮೇಲೆ ಒಂದನ್ನು ಎತ್ತಿಕೊಂಡರೆ ಆರಿಸುವುದು ಸ್ಪಷ್ಟವಾಗಬಹುದು ಅಂತ ಬರೆದಿಟ್ಟಿದ್ದೇನೆ, ಮುಂದಿನ ಶೂಟ್‌ಗೆ.

ದಸರಾ ಹೊತ್ತಿಗೆ ಏನಾದರೂ ಬದಲಿಸಬೇಕು ಅಂತ ಈಗಲೇ ಕೇಳುತ್ತಿದ್ದಾರೆ. ಬದಲಿಸಲು ಸುಲಭವಾದದ್ದು 42–45ರ ಕೈ. ಲೋಟದ ಕೆಳಗೆ ಬಟ್ಟಲಿನ ಬದಲು ಸೇವಂತಿಗೆ ಇಟ್ಟ ತಟ್ಟೆ ಬರಬಹುದು, ಚಾಚುವ ದಿಕ್ಕು ಮಾತ್ರ ಬಲಕ್ಕೇ ಇರಬೇಕು. ಹೊಸ ತುಣುಕು ಸರಿಯಾಗಿ 75 ಫ್ರೇಮ್ ಇದ್ದರೆ ಮಿಕ್ಕ ಯಾವುದನ್ನೂ ಮುಟ್ಟಬೇಕಿಲ್ಲ, ಜೋಡಿಸುವ ಆ ಒಂದು ಸಾಲನ್ನು ಮತ್ತೆ ಓಡಿಸಿ ಪೆನ್‌ಡ್ರೈವ್‌ಗೆ ಹಾಕಿದರೆ ಆಯಿತು.